ಬಿಳಿ ಡಬ್ಬಿ ಇಡದ ಅಂಗಡಿ

ನನ್ನ ಅಪ್ಪ ಬಳೆಯ ಮಲಾರ ಹೆಗಲಿಗೆ ಹಾಕಿಕೊಂಡು ಕಳಸದ ಸುತ್ತಮುತ್ತಲಿನ ಎಸ್ಟೇಟುಗಳ ಕೂಲಿ ಲೈನುಮನೆಗಳನ್ನು ತಿರುಗಿದವನು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅವನ ಹಿಂದೆ ನಡೆದೆ. ಬಳೆ ತೊಡಿಸುವುದನ್ನು ಕಲಿಸುವ ಮೊದಲು ಅವನು ಕಲಿಸಿದ್ದು ಒಂದೇ ಪಾಠ: "ಕೈ ನೋಡು, ಮುಖ ನೋಡ್ಬೇಡ." ಹೆಂಗಸಿನ ಕೈ ನಮ್ಮ ಕೈಯಲ್ಲಿರುತ್ತದೆ, ಆ ನಂಬಿಕೆಯ ಮೇಲೆ ನಮ್ಮ ಊಟ ನಡೆಯುತ್ತದೆ, ಕಣ್ಣು ಮಣಿಕಟ್ಟಿನಿಂದ ಮೇಲೆ ಹೋಗಬಾರದು ಎಂಬುದು ಅವನ ಕಾನೂನು. ಬಸ್ ಸ್ಟ್ಯಾಂಡಿನ ಹತ್ತಿರ ನಾನು ಫ್ಯಾನ್ಸಿ ಸ್ಟೋರ್ ಹಾಕಿ ಕುಳಿತ ಮೇಲೂ ಆ ಕಾನೂನು ಬಿಡಲಿಲ್ಲ. ಬಳೆ ನಾನು ತೊಡಿಸುತ್ತೇನೆ. ಪೌಡರ್, ಕ್ರೀಮು, ಕಾಡಿಗೆ ಎಲ್ಲವೂ ನನ್ನ ಹೆಂಡತಿಯ ಕೌಂಟರಿನದು. ಮುಖದ ಸಾಮಾನು ಅವಳದು, ಕೈಯ ಸಾಮಾನು ನನ್ನದು.

ಈ ಗಡಿ ದಾಟಿ ನಾನು ಅವಳ ಕೌಂಟರಿಗೆ ಬಾಯಿ ಹಾಕಿದ್ದು ಒಂದೇ ವಿಷಯಕ್ಕೆ. ಅದರಿಂದ ನನ್ನ ಒಡಹುಟ್ಟಿದ ಅಕ್ಕನೇ ನನಗೆ ಎದುರಾದಳು.

ಕಾಫಿ ಕೊಯ್ಲು ಶುರುವಾಗುವ ಮುಂಚೆ ಒಬ್ಬ ಸೇಲ್ಸ್‌ಮನ್ ವ್ಯಾನಿನಲ್ಲಿ ಬಂದ. ನಮಗೆ ಸಾಮಾನು ಹಾಕುವ ಏಜೆನ್ಸಿಯವನಲ್ಲ, ಹೊಸಬ. ಟೈಟ್ ಪ್ಯಾಂಟು, ಎರಡು ಫೋನು. ಕೌಂಟರಿನ ಮೇಲೆ ಅಂಗೈಯಷ್ಟು ಅಗಲದ ಬಿಳಿ ಡಬ್ಬಿ ಇಟ್ಟು ಅಂದ, "ಅಣ್ಣಾ, ಫಾರಿನ್ ಮಾಲು. ವಾರದಲ್ಲಿ ರಿಸಲ್ಟ್. ಎದುರಿನ ಅಂಗಡಿಯವ್ರು ಈಗ್ತಾನೆ ಇಳಿಸ್ಕೊಂಡ್ರು."

ಎದುರಿನ ಅಂಗಡಿ ಎಂದರೆ ರಸ್ತೆಯಾಚೆ ಒಬ್ಬ ಹುಡುಗ ಆ ವರ್ಷವಷ್ಟೇ ಹಾಕಿದ ಗಾಜಿನ ಬಾಗಿಲಿನ ಅಂಗಡಿ. ಆ ಮಾತು ನನ್ನನ್ನು ಕುಟುಕಲೆಂದೇ ಆಡಿದ್ದು.

ಡಬ್ಬಿ ತಿರುಗಿಸಿ ನೋಡಿದೆ. ಇಂಗ್ಲಿಷ್ ಅಕ್ಷರ ಕೂಡಿಸಿಕೊಂಡು ಓದುವಷ್ಟು ಬರುತ್ತದೆ ನನಗೆ. ಒಬ್ಬ ಹೆಂಗಸಿನ ಚಿತ್ರ, ಅರ್ಧ ಮುಖ ಕಪ್ಪು, ಅರ್ಧ ಬಿಳಿ. ಎಲ್ಲಿ ಮಾಡಿದ್ದು, ಯಾರು ಮಾಡಿದ್ದು, ಯಾರು ತರಿಸಿದ್ದು, ಲೈಸೆನ್ಸ್ ನಂಬರು ಯಾವುದು, ಒಂದೂ ಇಲ್ಲ. ನಾವು ಮಾರುವ ಎರಡು ರೂಪಾಯಿಯ ಶಾಂಪೂ ಪ್ಯಾಕೆಟ್ಟಿನ ಮೇಲೂ ಮಾಡಿದವರ ವಿಳಾಸ ಇರುತ್ತದೆ.

"ಇದರೊಳಗೆ ಏನಿದೆ?"

"ಅದೆಲ್ಲ ಯಾಕಣ್ಣ? ಹೋಗೋ ಮಾಲು. ಬಿಲ್ಲಿಲ್ಲದೆ ಕೊಡ್ತೀನಿ, ಡಜನ್‌ಗೆ ಎರಡು ಫ್ರೀ."

"ಬಿಲ್ಲಿಲ್ಲ, ವಿಳಾಸ ಇಲ್ಲ. ನಾಳೆ ಯಾರ ಮುಖಕ್ಕಾದ್ರೂ ಏನಾದ್ರೂ ಆದ್ರೆ ಅವ್ರು ನಿನ್ನ ವ್ಯಾನ್ ಹುಡುಕ್ತಾರಾ, ನನ್ನ ಅಂಗಡಿಗೆ ಬರ್ತಾರಾ?"

ಅವನು ನನ್ನ ಮುಖ ನೋಡಿದ. ನಾನು ಚೆನ್ನಾಗಿ ಕಪ್ಪಗಿರುವವನು. "ಒಂದು ಡಬ್ಬಿ ನೀವೇ ಹಚ್ಚಿ ನೋಡಿ ಅಣ್ಣ, ಫ್ರೀ," ಎಂದು ನಕ್ಕ.

"ಎತ್ಕೊಂಡು ಇಳಿ," ಎಂದೆ.

ವ್ಯಾನು ಹೋದ ಮೇಲೆ ಹೆಂಡತಿ ಹೇಳಿದಳು. "ದಿನಾ ಕೇಳ್ಕೊಂಡು ಬರ್ತಾರೆ ರೀ. ಲೈನಿನ ಹುಡ್ಗೀರು, ಕಾಲೇಜಿನವ್ರು. ಇಲ್ಲ ಅಂದ್ರೆ ಎದುರಿಗೆ ಹೋಗ್ತಾರೆ. ಕ್ರೀಮಿಗೆ ಹೋದೋರು ಕ್ಲಿಪ್ಪು, ರಬ್ಬರು, ಬಳೆ ಎಲ್ಲ ಅಲ್ಲೇ ತಗೊಳ್ತಾರೆ. ನೀವು ಸಾಮಾನು ವಾಪಸ್ ಕಳ್ಸಿದ್ದಲ್ಲ, ಗಿರಾಕಿ ಕಳ್ಸಿದ್ದು."

ಅವಳು ಹೇಳಿದ್ದು ಸುಳ್ಳಲ್ಲ. ಅದಕ್ಕೇ ನನಗೆ ಸಿಟ್ಟು ಬಂತು.

ನಮ್ಮ ಅಂಗಡಿಯಿಂದ ಮೂರು ಮನೆ ಆಚೆ ಮೆಡಿಕಲ್ ಶಾಪ್ ಇಟ್ಟಿರುವ ಸಾಬರು ನನ್ನ ಹಳೆಯ ಸ್ನೇಹಿತರು. ಸಂಜೆ ಟೀ ಕುಡಿಯುವಾಗ ಕೇಳಿದೆ. ಅವರು ಗ್ಲಾಸು ಕೆಳಗಿಟ್ಟು ಹೇಳಿದರು, "ಇಂಥ ಎಷ್ಟೋ ಡಬ್ಬೀಲಿ ಸ್ಟೀರಾಯ್ಡ್ ಬೆರೆಸಿರ್ತಾರೆ ಮಾರಾಯಾ, ಕೆಲವದರಲ್ಲಿ ಪಾದರಸ. ಇದರಲ್ಲಿ ಏನಿದೆ ಅಂತ ಲ್ಯಾಬಲ್ಲಿ ನೋಡ್ದೆ ಹೇಳಕ್ಕಾಗಲ್ಲ. ಸ್ಟೀರಾಯ್ಡ್ ಇರೋ ಟ್ಯೂಬು ನನ್ನ ಹತ್ರಾನೂ ಇದೆ, ಆದ್ರೆ ಅದು ಡಾಕ್ಟರ ಚೀಟಿ ಇದ್ರೆ ಕೊಡೋ ಔಷಧಿ. ಮೊದ್ಲು ಮುಖ ತಿಳಿಯಾಗುತ್ತೆ. ಬಿಟ್ಟ ಮೇಲೆ ಇರೋದು ಹಬ್ಬ."

ಅವತ್ತೇ ತೀರ್ಮಾನ ಮಾಡಿದೆ. ಮಾರುವುದಿಲ್ಲ. ಅದು ಅಲ್ಲಿಗೇ ಮುಗಿಯಬೇಕಿತ್ತು.

ಅಕ್ಕನ ಗಂಡ ಕಳಸದ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್. ಅವರ ಮಗಳು ಬಿ.ಕಾಂ. ಮುಗಿಸಿ ಅದೇ ಎಸ್ಟೇಟಿನ ಆಫೀಸಿನಲ್ಲಿ ಕೂರುತ್ತಿದ್ದಳು. ನಮ್ಮ ಮನೆತನದ ಬಣ್ಣ, ನನ್ನಂತೆ, ಅಕ್ಕನಂತೆ. ಅವಳಿಗೆ ಮೂಡಿಗೆರೆಯ ಸಂಬಂಧ ಗೊತ್ತಾಯಿತು. ಹುಡುಗ ಒಪ್ಪಿದ, ಹುಡುಗಿ ಒಪ್ಪಿದಳು. ಹೊರಡುವಾಗ ಹುಡುಗನ ತಾಯಿ ಚಪ್ಪಲಿ ಮೆಟ್ಟುತ್ತ ಅಂದರಂತೆ, "ಹುಡ್ಗಿ ಲಕ್ಷಣವಾಗಿದ್ದಾಳೆ, ಬಣ್ಣ ಒಂಚೂರು ಕಮ್ಮಿ. ಮದ್ವೆ ಹೊತ್ತಿಗೆ ಏನಾದ್ರೂ ಹಚ್ಚಿಸಿ."

ಮಾರನೇ ದಿನ ಅಕ್ಕ ನನ್ನ ಅಂಗಡಿ ಮೆಟ್ಟಿಲು ಹತ್ತಿದಳು.

"ಆ ಬಿಳಿ ಡಬ್ಬಿ ಕೊಡು."

"ನನ್ನ ಹತ್ರ ಇಲ್ಲ."

"ತರ್ಸು."

"ತರ್ಸಲ್ಲ ಅಕ್ಕ. ಅದು ಒಳ್ಳೇದಲ್ಲ." ಸಾಬರು ಹೇಳಿದ್ದನ್ನೆಲ್ಲ ಹೇಳಿದೆ.

ಅವಳು ಪೂರ್ತಿ ಕೇಳಿಸಿಕೊಂಡಳು. ಆಮೇಲೆ ನನ್ನ ಹೆಂಡತಿಯ ಹಿಂದಿನ ಕಪಾಟಿಗೆ ಬೆರಳು ತೋರಿಸಿದಳು. ಅಲ್ಲಿ ಕಂಪನಿಯ ಟ್ಯೂಬುಗಳು ಸಾಲಾಗಿದ್ದವು. ಹೊಳಪು, ಕಾಂತಿ, ಗ್ಲೋ ಎಂದು ಬರೆದವು. ಮೊದಲು ಅವುಗಳ ಮೇಲೂ ಬಿಳುಪು ಎಂದೇ ಇತ್ತು, ಈಗ ಹೆಸರು ಬದಲಾಗಿದೆ ಅಷ್ಟೆ.

"ಅದನ್ನ ಹಚ್ಚಿ ಯಾರು ಬೆಳ್ಳಗಾಗಿದಾರೆ, ಹೇಳು ನೋಡೋಣ."

"ಯಾರೂ ಇಲ್ಲ."

"ಮತ್ತೆ ಆ ಸುಳ್ಳು ಮಾರ್ತೀಯಲ್ಲ? ಆಗದೇ ಇರೋ ಸುಳ್ಳು ಮಾರ್ಬಹುದು, ಆಗೋ ನಿಜ ಮಾರ್ಬಾರ್ದು. ಎಂಥ ನ್ಯಾಯನೋ ನಿಂದು?"

"ಅದು ಮುಖ ಸುಡಲ್ಲ."

"ನನ್ನ ಮಗಳ ಮುಖ ಸುಟ್ಟು ಎಷ್ಟೋ ಕಾಲ ಆಯ್ತು. ಹುಟ್ಟಿದಾಗ್ಲೇ 'ಅಯ್ಯೋ, ಅಮ್ಮನ ಬಣ್ಣ' ಅಂದ್ರು. ನಾನು ಬಾಣಂತಿ ಕೋಣೇಲಿ ಮಲಗಿ ಕೇಳಿಸ್ಕೊಂಡಿದೀನಿ. ನೀನು ಗಂಡಸು. ಕಪ್ಪಗಿದ್ರೆ ಕಟ್ಟುಮಸ್ತು ಅಂತಾರೆ ನಿಂಗೆ."

ವಾದದಲ್ಲಿ ಸೋತಾಗ ನನ್ನ ಬಾಯಿಂದ ಒರಟು ಮಾತೇ ಬರುವುದು. "ಇದು ನನ್ನ ಅಂಗಡಿ. ಏನಿಡ್ಬೇಕು ಅಂತ ನನಗೆ ಗೊತ್ತು," ಎಂದೆ.

ಅಕ್ಕ ಸೆರಗು ಸಿಕ್ಕಿಸಿಕೊಂಡು ನಿಂತಳು. "ಸರಿ. ಅಂಗಡಿ ನಿಂದು. ಮದ್ವೆ ನಂದು. ಸೋದರಮಾವ ಅಂತ ಹೆಣ್ಣನ್ನ ಮಂಟಪಕ್ಕೆ ಕರ್ಕೊಂಡು ಬರೋ ಕೆಲ್ಸ ನಿಂಗೆ ಬೇಡ. ನಮ್ಮ ದೊಡ್ಡಮ್ಮನ ಮಗ ಇದಾನೆ. ಅವನೂ ಮಾವನೇ. ಬಳೆ ಬೇಕಾದ್ರೆ ತೊಡ್ಸಕ್ಕೆ ಬಾ, ದುಡ್ಡು ಕೊಡ್ತೀನಿ."

ದುಡ್ಡು ಕೊಡುತ್ತೇನೆ ಎಂಬ ಮಾತನ್ನು ಅವಳು ಬೇಕೆಂದೇ ಆಡಿದಳು. ನಮ್ಮ ಕಡೆ ತಾಯಿಯ ತಮ್ಮ ಕೈ ಹಿಡಿದು ಕರೆತರದೆ ಹೆಣ್ಣು ಮಂಟಪದಲ್ಲಿ ಕೂರುವುದಿಲ್ಲ. ಆ ಹುಡುಗಿ ಹುಟ್ಟಿದ ದಿನದಿಂದ ಆ ಕೆಲಸ ನನ್ನದು ಎಂದೇ ನಾನು ತಿಳಿದಿದ್ದೆ. ನನಗೆ ಹೆಣ್ಣುಮಕ್ಕಳಿಲ್ಲ.

ಅಂಗಡಿಯಿಂದ ಇಳಿದ ಅಕ್ಕ ರಸ್ತೆ ದಾಟಿ, ನಾನು ನೋಡುತ್ತಿದ್ದಂತೆಯೇ ಗಾಜಿನ ಬಾಗಿಲು ತಳ್ಳಿ ಒಳಗೆ ಹೋದಳು.

ಆ ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ, "ಒಂದು ಡಬ್ಬಿ ಕೊಟ್ಟಿದ್ರೆ ಏನಾಗ್ತಿತ್ತು? ಹೇಗೂ ಅವ್ರು ಬಿಡ್ಲಿಲ್ಲ, ತಗೊಂಡ್ರು. ನಿಮ್ಮ ಸೋದರಮಾವನ ಮರ್ಯಾದೆ ಮಾತ್ರ ಹೋಯ್ತು," ಎಂದಳು. ಬಡಿಸಿದ್ದನ್ನು ತಿಂದು ಎದ್ದೆ.

ಮದುವೆಗೆ ಮುಂಚಿನ ವಾರ ಬಳೆ ಶಾಸ್ತ್ರ. ಹೋಗಬಾರದು ಎಂದುಕೊಂಡಿದ್ದೆ. ಆದರೆ ಹಸಿರು ಬಳೆ ಬೇರೆ ಯಾವನೋ ತೊಡಿಸುವುದನ್ನು ನೆನೆಸಿಕೊಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಜೀಪ್ ಹತ್ತಿದೆ. ಎಸ್ಟೇಟಿನ ಕ್ವಾರ್ಟರ್ಸಿನ ಹಜಾರದಲ್ಲಿ ಹೆಂಗಸರು ತುಂಬಿದ್ದರು. ಅಕ್ಕ ನನ್ನನ್ನು "ಬಾ" ಎನ್ನಲಿಲ್ಲ. "ಬಳೆಯೋರು ಬಂದ್ರು, ಚಾಪೆ ಹಾಕಿ," ಎಂದಳು. ಯಾರೋ ಕಿಸಕ್ಕೆಂದರು.

ಹುಡುಗಿ ಬಂದು ಎದುರಿಗೆ ಕುಳಿತು ಕೈ ಚಾಚಿದಳು. ನಾನು ಎಂದಿನಂತೆ ಕೈ ನೋಡಿದೆ. ಅದೇ ಕೈ, ಉದ್ದ ಬೆರಳು, ಮಣಿಕಟ್ಟಿನ ಹತ್ತಿರ ಚಿಕ್ಕಂದಿನ ಗಾಯದ ಗುರುತು. ಸೋಪಿನ ನೀರು ಸವರಿ, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ ಬಳೆ ಏರಿಸತೊಡಗಿದೆ. ಗಾಜಿನ ಬಳೆ ಗೆಣ್ಣು ದಾಟುವ ಕ್ಷಣದಲ್ಲಿ ಕೈ ಅಲುಗಬಾರದು. ಅವಳು ಮತ್ತೆ ಮತ್ತೆ ಅಲುಗುತ್ತಿದ್ದಳು.

"ಕೈ ಸಡಿಲ ಬಿಡು ಮಗಾ. ಅಲ್ಲಾಡಿಸ್ಬೇಡ."

"ಹ್ಞೂಂ ಮಾವ."

ಮತ್ತೊಂದು ಬಳೆ ಗೆಣ್ಣಿನ ಮೇಲಿತ್ತು. ಅವಳು ತಡೆಯಲಾರದೆ ಕೈಯನ್ನು ಸರಕ್ಕನೆ ಮುಖದ ಕಡೆಗೆ ಎಳೆದುಕೊಂಡಳು. ಬಳೆ ನನ್ನ ಬೆರಳಲ್ಲೇ ಎರಡಾಯಿತು.

ಮದುವಣಗಿತ್ತಿಯ ಹಸಿರು ಬಳೆ ತೊಡಿಸುವಾಗಲೇ ಒಡೆಯುವುದೆಂದರೆ ಏನು ಎಂದು ಆ ಹಜಾರದ ಪ್ರತಿ ಹೆಂಗಸಿಗೂ ಗೊತ್ತು. ಹಾಡುತ್ತಿದ್ದವರು ನಿಲ್ಲಿಸಿದರು.

"ಹೊಟ್ಟೆಕಿಚ್ಚಿಗೆ ಒಡೆದ್ಯೇನೋ!" ಅಕ್ಕ ಕೂಗಿದಳು. "ಮಂಟಪಕ್ಕೆ ಬೇಡ ಅಂದಿದ್ದಕ್ಕೆ ನನ್ನ ಮಗಳ ಬಳೆ ಒಡೆದ್ಯಾ?"

ನಾನು ಈ ಕೆಲಸಕ್ಕೆ ಬಂದಾಗಿನಿಂದ ಬಳೆ ತೊಡಿಸುವಾಗ ತಲೆ ಎತ್ತಿದ್ದು ಅದೇ ಮೊದಲು. ಹುಡುಗಿಯ ಮುಖಕ್ಕೆ ಪೌಡರು ದಪ್ಪಗೆ ಮೆತ್ತಿದ್ದರು. ಪೌಡರಿನ ಕೆಳಗೆ ಎರಡೂ ಕೆನ್ನೆ ಕೆಂಪಾಗಿ ಊದಿದ್ದವು. ಗಲ್ಲದ ಸುತ್ತ ಸಣ್ಣ ಸಣ್ಣ ಗುಳ್ಳೆ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಅದು ಅಳು ಮಾತ್ರ ಅಲ್ಲ, ಉರಿ.

ಹುಡುಗಿಯನ್ನೂ ಅಕ್ಕನನ್ನೂ ಒಳಕೋಣೆಗೆ ಕರೆದು ಬಾಗಿಲು ಹಾಕಿ, "ಏನಿದು?" ಎಂದೆ.

"ಉರಿತದೆ ಮಾವ. ಒಲೆ ಹತ್ರ ಹೋಗಕ್ಕಾಗಲ್ಲ. ಬಿಸಿಲಿಗೂ ಆಗಲ್ಲ. ಹಚ್ಚಿದ ಮೊದಮೊದ್ಲು ಚೆನ್ನಾಗೇ ಇತ್ತು, ಆಫೀಸಲ್ಲಿ ಎಲ್ರೂ ಕೇಳಿದ್ರು. ಆಮೇಲೆ ಸ್ವಲ್ಪ ಕೆರೆಯಕ್ಕೆ ಶುರುವಾಯ್ತು ಅಂತ ಹೆದರಿ ನಿಲ್ಲಿಸ್ದೆ. ನಿಲ್ಲಿಸಿದ ಮೇಲೆ ಹೀಗಾಯ್ತು."

ನಾನು ಅಕ್ಕನ ಕಡೆ ತಿರುಗಿದೆ. ಅವಳ ಬಾಯಿಂದ ಪಶ್ಚಾತ್ತಾಪದ ಮಾತು ಬರುತ್ತದೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಬೇರೆ.

"ನೀನೇ ಕಾರಣ. ನೀನು ನೋಡಿ ಆರಿಸಿ ಒರಿಜಿನಲ್ ತರಿಸಿ ಕೊಟ್ಟಿದ್ರೆ ನಾನು ಆ ಹುಡುಗನ ಹತ್ರ ಡೂಪ್ಲಿಕೇಟ್ ತಗೊಳ್ತಿದ್ನಾ?"

"ಅದರಲ್ಲಿ ಒರಿಜಿನಲ್ ಅಂತ ಇಲ್ವೇ ಅಕ್ಕಾ!"

"ನಿನ್ನ ಜಂಬ ಮಾತ್ರ ಒರಿಜಿನಲ್."

ಹಜಾರಕ್ಕೆ ವಾಪಸ್ ಬಂದು ಒಡೆದ ಚೂರು ಆರಿಸಿಕೊಂಡು, ಹೊಸ ಬಳೆ ತೆಗೆದು, ಉಳಿದವನ್ನು ತೊಡಿಸಿ ಮುಗಿಸಿದೆ. ಯಾರೂ ಹಾಡಲಿಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಹುಡುಗಿಯನ್ನು ಚಿಕ್ಕಮಗಳೂರಿಗೆ ಕರೆದುಕೊಂಡು ಹೋದೆ. ಅಕ್ಕ ಬೇಡ ಎನ್ನಲಿಲ್ಲ, ಜೊತೆಗೂ ಬರಲಿಲ್ಲ.

ಚರ್ಮದ ಡಾಕ್ಟರಮ್ಮ ಹುಡುಗಿ ತಂದಿದ್ದ ಡಬ್ಬಿಯನ್ನು ತಿರುಗಿಸಿ ನೋಡಿ ಮೇಜಿನ ಮೇಲೆ ಬೋರಲು ಹಾಕಿದರು. ಒಳಗೆ ಏನಿದೆ ಎಂದು ಡಬ್ಬಿ ನೋಡಿ ಹೇಳಲಾಗದು, ಮುಖ ನೋಡಿದರೆ ಸ್ಟೀರಾಯ್ಡಿನಂತೆ ಕಾಣುತ್ತದೆ ಎಂದರು. ಚರ್ಮ ಅದಕ್ಕೆ ಒಗ್ಗಿಹೋಗುತ್ತದೆ, ಬಿಟ್ಟರೆ ಹೀಗೆ ಕೆರಳುತ್ತದೆ, ಉರಿ ತಡೆಯಲಾರದೆ ಜನ ಮತ್ತೆ ಅದನ್ನೇ ಹಚ್ಚುತ್ತಾರೆ, ಆಮೇಲೆ ಬಿಡಿಸುವುದು ಇನ್ನೂ ಕಷ್ಟ. ಸರಿಹೋಗುತ್ತದೆ, ಆದರೆ ತಿಂಗಳುಗಳು ಹಿಡಿಯುತ್ತವೆ. ಬ್ಲೀಚ್ ಬೇಡ, ಫೇಶಿಯಲ್ ಬೇಡ, ಬಿಸಿಲು ಬೇಡ, ಮೇಕಪ್ ಆದಷ್ಟು ಕಡಿಮೆ.

"ವಾರದಲ್ಲಿ ಮದುವೆ ಮೇಡಂ," ಎಂದೆ.

"ಮದುವೆ ಮಾಡಿ. ಮುಖಕ್ಕೆ ಏನೂ ಮಾಡ್ಬೇಡಿ," ಎಂದರು.

ವಾಪಸ್ ಬರುವಾಗ ಬಸ್ಸಿನಲ್ಲಿ ಹುಡುಗಿ ಕಿಟಕಿಯ ಕಡೆ ದುಪಟ್ಟಾ ಅಡ್ಡ ಹಿಡಿದು ಕುಳಿತಿದ್ದಳು. ಆಲ್ದೂರು ದಾಟಿದ ಮೇಲೆ ಅಂದಳು, "ಮಾವ, ಇದನ್ನ ಯಾರಿಗೂ ಹೇಳ್ಬೇಡಿ. ಆ ಮನೆಯವ್ರಿಗೆ ಗೊತ್ತಾಗೋದು ಬೇಡ. 'ಹಚ್ಚಿಸಿ' ಅಂದೋರು ಅವ್ರೇ, ಆದ್ರೆ ಹೀಗಾಯ್ತು ಅಂದ್ರೆ ನನ್ನಲ್ಲೇ ಏನೋ ರೋಗ ಇತ್ತು ಅಂತಾರೆ."

ಮಾತು ಕೊಟ್ಟೆ.

ಕಳಸದಲ್ಲಿ ಇಳಿದು ಅವಳನ್ನು ಜೀಪಿಗೆ ಹತ್ತಿಸಿ ನೇರ ಎದುರಿನ ಅಂಗಡಿಗೆ ಹೋದೆ. ಹೆಸರು ಹೇಳುವಂತಿಲ್ಲ, ಸುಮ್ಮನೆ ಇರುವುದಕ್ಕೂ ಆಗುತ್ತಿಲ್ಲ.

"ಆ ಬಿಳಿ ಡಬ್ಬಿ ತೆಗಿ. ಜನರ ಮುಖ ಸುಡ್ತದೆ."

ಹುಡುಗ ಫೋನಿನಿಂದ ತಲೆ ಎತ್ತಿದ. "ಯಾರ ಮುಖ ಸುಟ್ಟಿದೆ ಅಂಕಲ್? ಕರ್ಕೊಂಡು ಬನ್ನಿ."

ಬಸ್ಸಿನಲ್ಲಿ ಕೊಟ್ಟ ಮಾತು ಅಡ್ಡ ಬಂತು.

"ನಿಮಗೆ ವ್ಯಾಪಾರ ಕಮ್ಮಿ ಆಗಿದೆ, ನನಗೆ ಅರ್ಥ ಆಗುತ್ತೆ," ಎಂದ ಅವನು. ಒಳಗೆ ಕ್ಲಿಪ್ಪು ಆರಿಸುತ್ತಿದ್ದ ಇಬ್ಬರು ನಕ್ಕರು. ಅವರು ನನ್ನ ಹಳೆಯ ಗಿರಾಕಿಗಳೇ.

ಮದುವೆ ಮೂಡಿಗೆರೆಯ ಕಲ್ಯಾಣ ಮಂಟಪದಲ್ಲಿ ನಡೆಯಿತು. ಡಾಕ್ಟರು ಬೇಡ ಎಂದದ್ದನ್ನು ನಾನು ಅಕ್ಕನಿಗೆ ಮೂರು ಸಲ ಫೋನಿನಲ್ಲಿ ಹೇಳಿದ್ದೆ. ಅವಳು ಪಾರ್ಲರಿನವಳನ್ನು ಕರೆಸಿದಳು. ಆಕೆ ಹುಡುಗಿಯ ಮುಖಕ್ಕೆ ಗೋಡೆಗೆ ಬಳಿದ ಹಾಗೆ ಬಳಿದಿದ್ದಳು. ಮುಹೂರ್ತದ ಹೊತ್ತಿಗೆ ದೊಡ್ಡಮ್ಮನ ಮಗ, ಹೊಸ ಪಂಚೆ ಉಟ್ಟವನು, ಅವಳ ಕೈ ಹಿಡಿದು ಮಂಟಪಕ್ಕೆ ಕರೆತಂದ. ನಾನು ಕಂಬದ ಪಕ್ಕ ನಿಂತಿದ್ದೆ. ಅವಳು ಹಾದುಹೋಗುವಾಗ ಕೈ ನೋಡಿದೆ. ನಾನು ತೊಡಿಸಿದ ಹಸಿರು ಬಳೆಗಳು ಇದ್ದವು. ಯಾರಾದರೂ "ಮಾವ ಎಲ್ಲಿ?" ಎಂದು ಕೇಳುತ್ತಾರೇನೋ ಎಂದು ಸ್ವಲ್ಪ ಹೊತ್ತು ಕಾದೆ. ಆಮೇಲೆ ಊಟಕ್ಕೆ ಕೂರದೆ ಬಸ್ ಸ್ಟ್ಯಾಂಡಿಗೆ ನಡೆದೆ. ಹೆಂಡತಿ ಊಟ ಮಾಡಿಕೊಂಡೇ ಬಂದಳು. "ನಿಮ್ಮ ಸಿಟ್ಟಿಗೆ ನಾನ್ಯಾಕೆ ಹೋಳಿಗೆ ಬಿಡ್ಲಿ?" ಎಂದಳು.

ನಿಜವಾದ ಪೀಡೆ ಶುರುವಾದದ್ದು ಮದುವೆಯ ಫೋಟೋ ಎಲ್ಲರ ಫೋನಿಗೆ ಹೋದ ಮೇಲೆ. ಫೋಟೋದಲ್ಲಿ ಹುಡುಗಿ ಹಾಲಿನಂತಿದ್ದಳು. ಪಾರ್ಲರಿನ ಬಣ್ಣ, ಫೋಟೋದವನ ಕೈಚಳಕ. ಆದರೆ ಕೊಯ್ಲಿಗೆ ಬಂದ ಹೆಂಗಸರು, ಆಫೀಸಿನ ಹುಡುಗಿಯರು, ಟೀಚರಮ್ಮಂದಿರು ಒಬ್ಬರ ಹಿಂದೊಬ್ಬರು ನನ್ನ ಅಂಗಡಿಗೆ ಬಂದರು.

"ನಿಮ್ಮ ಅಕ್ಕನ ಮಗಳಿಗೆ ಕೊಟ್ರಲ್ಲ, ಅದೇ ಕೊಡಿ."

"ನಾನು ಏನೂ ಕೊಟ್ಟಿಲ್ಲ."

"ಅಯ್ಯೋ ಬಿಡಿ ಅಣ್ಣ. ಅಂಗಡಿ ಇಟ್ಟಿರೋ ಮಾವ ಇದ್ದು ಬೇರೆ ಕಡೆ ತಗೊಂಡ್ಲಾ?"

"ಅದು ಮೇಕಪ್ಪು ಕಣಮ್ಮ."

"ಆಫೀಸಲ್ಲಿ ಮದುವೆಗೆ ಮುಂಚೆನೇ ತಿಳಿಯಾಗಿದ್ಲು. ನಾನೇ ಕಣ್ಣಾರೆ ನೋಡಿದೀನಿ."

ಮಾತು ಕೊಟ್ಟಿದ್ದೆನಲ್ಲ, ಏನು ಹೇಳಲಿ? ಮುಖ ಹೇಗೆ ಉರಿಯಿತು ಎಂದು ಒಂದು ಮಾತು ಹೇಳಿದ್ದರೆ ಎಲ್ಲರೂ ಹೆದರಿ ಹೋಗುತ್ತಿದ್ದರು. ಆ ಮಾತು ಮಾರನೇ ದಿನವೇ ಮೂಡಿಗೆರೆ ಮುಟ್ಟುತ್ತಿತ್ತು. ಬರಿ "ಇಲ್ಲ, ಇಡಲ್ಲ, ಹಚ್ಚಬೇಡಿ" ಎನ್ನುವುದಷ್ಟೇ ನನ್ನ ಪಾಲಿಗೆ ಉಳಿಯಿತು. ಕಾರಣ ಹೇಳದ ಇಲ್ಲವನ್ನು ಯಾರು ನಂಬುತ್ತಾರೆ? ಸ್ವಂತದವರಿಗೆ ಮಾತ್ರ ಒಳಗಿನಿಂದ ತೆಗೆದುಕೊಡುತ್ತಾನೆ ಎಂದು ಊರಲ್ಲಿ ಸುದ್ದಿಯಾಯಿತು. ಒಬ್ಬಾಕೆ ನನ್ನ ಎದುರಿಗೇ ಅಂದಳು, "ನಾವು ಬೆಳ್ಳಗಾದ್ರೆ ಇವ್ರಿಗೇನು ನಷ್ಟ? ಲೈನಿನೋರು ಲೈನಿನೋರ ಥರಾನೇ ಇರ್ಲಿ ಅಂತ." ಆ ಮಾತು ನನಗೆ ನಾಟಿದಷ್ಟು ಬೇರೆ ಯಾವುದೂ ನಾಟಲಿಲ್ಲ. ಅವಳ ತಾಯಿಗೆ ನನ್ನ ಅಪ್ಪ ಬಳೆ ತೊಡಿಸಿದ್ದ.

ಅದೇ ವಾರ ವ್ಯಾನಿನ ಸೇಲ್ಸ್‌ಮನ್ ಮತ್ತೆ ಬಂದ. ಅವನಿಗೂ ಫೋಟೋ ತಲುಪಿತ್ತು. "ಅಣ್ಣಾ, ಈಗ ನಿಮ್ಮ ಅಂಗಡಿ ಹೆಸರಲ್ಲೇ ಕೇಳ್ತಿದಾರೆ. ಸುಮ್ನೆ ಇಟ್ಕೊಳ್ಳಿ, ಬಾಯಿ ಬಿಡೋದೂ ಬೇಡ."

ಹೆಂಡತಿ ನನ್ನ ಮುಖ ನೋಡಿದಳು. ಆಸ್ಪತ್ರೆಯ ವಿಷಯ ಅವಳಿಗೂ ನಾನು ಹೇಳಿರಲಿಲ್ಲ. ಅವಳೊಬ್ಬಳಿಗೆ ಅವತ್ತು ಹೇಳಿದೆ, ಅಂಗಡಿಯ ಹಿಂದಿನ ಕೋಣೆಯಲ್ಲಿ. ಅವಳು ನೇರ ಹೊರಗೆ ಹೋದಳು. ಸೇಲ್ಸ್‌ಮನ್ ಇಟ್ಟಿದ್ದ ಸ್ಯಾಂಪಲ್ ಡಬ್ಬಿಯನ್ನು ಅವನ ಬ್ಯಾಗಿಗೆ ತಾನೇ ತುರುಕಿದಳು. "ಇನ್ನೊಂದ್ಸಲ ಈ ಕಡೆ ಬಂದ್ರೆ ವ್ಯಾನಿನ ಗಾಳಿ ತೆಗಿತೀನಿ," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನನ್ನ ಹತ್ರ ಇಷ್ಟು ದಿನ ಮುಚ್ಚಿಟ್ರಲ್ಲ, ಅದಕ್ಕೆ ಬೇರೆ ಇದೆ ನಿಮಗೆ," ಎಂದಳು. ಇತ್ತು ಕೂಡ.

ಕಂಪನಿಯ ಟ್ಯೂಬುಗಳು ಈಗಲೂ ಕಪಾಟಿನಲ್ಲಿವೆ, ಕೆಳಗಿನ ಸಾಲಿನಲ್ಲಿ. "ಹಚ್ಚಿದ್ರೆ ಬೆಳ್ಳಗಾಗ್ತೀನಾ?" ಎಂದು ಕೇಳಿದರೆ ಹೆಂಡತಿ, "ಇಲ್ಲ, ಚರ್ಮ ಮೆತ್ತಗಾಗುತ್ತೆ ಅಷ್ಟೆ," ಎನ್ನುತ್ತಾಳೆ. ಹೆಚ್ಚಿನವರು ಟ್ಯೂಬು ವಾಪಸ್ ಇಟ್ಟು ಹೋಗುತ್ತಾರೆ. ಅಕ್ಕ ಅಂದು ಕೇಳಿದ ಪ್ರಶ್ನೆಗೆ ಇದು ಪೂರ್ತಿ ಉತ್ತರ ಅಲ್ಲ ಎಂದು ನನಗೆ ಗೊತ್ತು.

ಹುಡುಗಿಯ ಮುಖ ನಿಧಾನವಾಗಿ ಸರಿಹೋಯಿತು. ಅವಳಿಗೆ ಹೆಣ್ಣು ಮಗು ಹುಟ್ಟಿತು. ಮದುವೆಯ ನಂತರ ಅಕ್ಕ ನನ್ನ ಅಂಗಡಿಯ ಕಡೆ ತಲೆ ಹಾಕಿರಲಿಲ್ಲ. ಮಗುವಿಗೆ ದೃಷ್ಟಿಯಾಗದಂತೆ ಕಪ್ಪು ಬಳೆ ಹಾಕುತ್ತಾರಲ್ಲ, ಅಷ್ಟು ಸಣ್ಣ ಅಳತೆ ಎದುರಿನ ಹುಡುಗನ ಹತ್ತಿರ ಇರಲಿಲ್ಲವಂತೆ. ಬಂದಳು. ಮಗುವನ್ನು ಸೊಂಟದ ಮೇಲೆ ಹೊತ್ತುಕೊಂಡು, ಮುಖ ಗಂಟಿಕ್ಕಿಕೊಂಡೇ ಬಂದಳು.

"ಕಪ್ಪು ಬಳೆ ಕೊಡು. ದುಡ್ಡು ತಂದಿದೀನಿ."

ಮಗುವಿನ ಕೈ ಹಿಡಿದೆ. ಅದೇ ಬಣ್ಣ. ಬಳೆ ಏರಿಸುತ್ತಿದ್ದಾಗ ಕಾಲೇಜಿನ ಹುಡುಗಿಯೊಬ್ಬಳು ಒಳಗೆ ಬಂದು, "ಅಂಕಲ್, ಆ ಬಿಳಿ ಡಬ್ಬಿ ಕ್ರೀಮ್ ಇದ್ಯಾ?" ಎಂದಳು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ತಿರುಗಿದಳು.

"ಇಲ್ಲ. ಇಲ್ಲಿ ಸಿಗಲ್ಲ. ಎದುರಿಗೂ ಹೋಗ್ಬೇಡ."

"ಯಾಕಾಂಟಿ?"

"ಯಾಕೆ ಅಂತ ಕೇಳ್ತೀಯಾ? ನನ್ನ ಮಗಳ ಮುಖ ಕೇಳು. ಬಳೆ ಶಾಸ್ತ್ರದ ದಿನ ಉರಿ ತಡೆಯಕ್ಕಾಗದೆ ಅತ್ತಿದ್ಲು. ಹೋಗು, ಓದ್ಕೋ ಹೋಗು."

ಹುಡುಗಿ ಬಂದ ದಾರಿಯಲ್ಲೇ ಹೋದಳು. ನಾನು ಅಕ್ಕನನ್ನೇ ನೋಡುತ್ತಿದ್ದೆ. ಅಷ್ಟು ದಿನ ನಾನು ಹಲ್ಲು ಕಚ್ಚಿ ಹಿಡಿದಿದ್ದ ಮಾತನ್ನು ಅವಳು ಬಸ್ ಸ್ಟ್ಯಾಂಡಿಗೆಲ್ಲ ಕೇಳುವಂತೆ ಹೇಳಿಬಿಟ್ಟಿದ್ದಳು.

"ನನ್ನ ಮಗಳೇ ಹೇಳು ಅಂದ್ಲು," ಎಂದಳು ಅಕ್ಕ, ನನ್ನ ಕಡೆ ನೋಡದೆ. "ಮಗು ನೋಡಕ್ಕೆ ಬಂದೋರು ಇದರ ಬಣ್ಣದ ಮಾತು ತೆಗೆದ್ರಂತೆ. ಅತ್ತೆ ಎದುರಿಗೇ ಎಲ್ಲ ಹೇಳಿಬಿಟ್ಲಂತೆ, ಡಬ್ಬಿ, ಡಾಕ್ಟರು, ಎಲ್ಲ. 'ಮಾವನಿಗೂ ಹೇಳಮ್ಮ, ಇನ್ನು ಬಾಯಿ ಕಟ್ಕೊಂಡಿರೋದು ಬೇಡ' ಅಂದ್ಲು."

"ನಿಂಗೆ ಏನೂ ಹೇಳಕ್ಕಿಲ್ವಾ ನನಗೆ?" ಎಂದೆ.

"ಏನು ಹೇಳ್ಬೇಕು? ಅವತ್ತು ಬಳೆ ಒಡೆದವನು ನೀನೇ," ಎಂದಳು. "ಬೇಗ ತೊಡ್ಸು, ಜೀಪು ಹೋಗ್ತದೆ."

ಮಗು ಕೈ ಅಲುಗಿಸಲಿಲ್ಲ. ಎರಡನೇ ಬಳೆಯೂ ಸಲೀಸಾಗಿ ಏರಿತು. ಅಕ್ಕ ದುಡ್ಡನ್ನು ಕೌಂಟರಿನ ಮೇಲೆ ಇಟ್ಟಳು. ನಾನು ಅದನ್ನು ಮಗುವಿನ ಅಂಗಿಯ ಜೇಬಿಗೆ ಹಾಕಿದೆ. ಅವಳು ತೆಗೆದು ಮತ್ತೆ ಕೌಂಟರಿನ ಮೇಲೆ ಕುಕ್ಕಿ, ಮೆಟ್ಟಿಲಿಳಿದು ಜೀಪಿನ ಕಡೆ ನಡೆದಳು.